ಜರ್ಮನಿಯ ಕೆಲಸಕ್ಕೆ ಸಂದರ್ಶನ: ವೀಸಾ, ಹೊರಡುವ ಕಾರಣ ಮತ್ತು ಮಾತಿನ ರೀತಿಗೆ ಒಂದು ಸಿದ್ಧತಾ ಕೈಪಿಡಿ

ಬೆಂಗಳೂರಿನಿಂದ ಜರ್ಮನಿಯ ಸಾಫ್ಟ್‌ವೇರ್ ಕಂಪನಿಗಳಿಗೆ ಅರ್ಜಿ ಹಾಕುವವರು ತಿಂಗಳುಗಟ್ಟಲೆ ಕೋಡಿಂಗ್ ಅಭ್ಯಾಸ ಮಾಡುತ್ತಾರೆ. ಆದರೆ ನೇಮಕಾತಿ ವಿಭಾಗದವರ ಅರ್ಧ ಗಂಟೆಯ ಮೊದಲ ಕರೆಗೆ ತಯಾರಿಯೇ ಇರುವುದಿಲ್ಲ. ನಿಮಗೆ ವೀಸಾ ಬೇಕೇ, ಯಾವಾಗ ಬರಬಲ್ಲಿರಿ, ಈ ಊರೇ ಏಕೆ ಎಂಬ ಮೂರು ಸಾದಾ ಪ್ರಶ್ನೆಗಳಿಗೆ "ನೋಡೋಣ", "ವ್ಯವಸ್ಥೆ ಆಗುತ್ತದೆ" ಎಂಬಂಥ ಉತ್ತರ ಕೊಟ್ಟು ಬರುತ್ತಾರೆ. ಕೇಳುವವರ ಆತಂಕ ಮಾತ್ರ ಒಂದೇ: ಈ ವ್ಯಕ್ತಿಗಾಗಿ ನಾವು ತಿಂಗಳುಗಟ್ಟಲೆ ಕಾದರೆ, ನಿಜಕ್ಕೂ ಬಂದು ಸೇರುತ್ತಾರೆಯೇ, ಬಂದ ಮೇಲೆ ಉಳಿಯುತ್ತಾರೆಯೇ? ಈ ಬರಹದ ಎಲ್ಲ ಹಂತಗಳೂ ಆ ಆತಂಕವನ್ನು ಕಳೆಯುವುದಕ್ಕೆ ಇರುವವು.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ಉದಾಹರಣೆಯನ್ನು ಕಟ್ಟಿಕೊಳ್ಳೋಣ. ಹುಬ್ಬಳ್ಳಿಯ ಒಬ್ಬ ಎಂಜಿನಿಯರ್. ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಎಂಟು ವರ್ಷದಿಂದ ಆನ್‌ಲೈನ್ ಪಾವತಿ ವ್ಯವಸ್ಥೆಗಳ ಬ್ಯಾಕೆಂಡ್ ಕೆಲಸ ಮಾಡುತ್ತಿದ್ದಾಳೆ. ಗಂಡ, ನಾಲ್ಕು ವರ್ಷದ ಮಗಳು ಇದ್ದಾರೆ. ಈಗಿನ ಕಂಪನಿಯಲ್ಲಿ 90 ದಿನಗಳ ನೋಟಿಸ್ ಅವಧಿ. ಬರ್ಲಿನ್‌ನ ಒಂದು ಮಧ್ಯಮ ಗಾತ್ರದ ಕಂಪನಿ, ಇಂಗ್ಲಿಷಿನಲ್ಲೇ ವ್ಯವಹರಿಸುವ ತಂಡ, ಅವಳನ್ನು ಸಂದರ್ಶನಕ್ಕೆ ಕರೆದಿದೆ.

ಮೊದಲ ಹಂತ: ಅರ್ಜಿಗೂ ಮುಂಚೆ ನಿಮ್ಮ ಕಾಗದಪತ್ರಗಳನ್ನು ನೀವೇ ಪರೀಕ್ಷಿಸಿ

ಇಂಥ ಕೆಲಸಕ್ಕೆ ಹೋಗುವವರಿಗೆ ಸಾಮಾನ್ಯವಾಗಿ ಸಿಗುವುದು ಯುರೋಪಿಯನ್ ಒಕ್ಕೂಟದ ಬ್ಲೂ ಕಾರ್ಡ್ ಎಂಬ ವಾಸ ಮತ್ತು ಕೆಲಸದ ಪರವಾನಗಿ. ಅದಕ್ಕೆ ಮುಖ್ಯವಾಗಿ ಬೇಕಾದದ್ದು ಮೂರು: ಜರ್ಮನಿ ಒಪ್ಪುವ ಪದವಿ, ಆ ಪದವಿಗೆ ತಕ್ಕ ಕೆಲಸದ ಕನಿಷ್ಠ ಆರು ತಿಂಗಳ ಒಪ್ಪಂದ, ಮತ್ತು ನಿಗದಿತ ಮಿತಿಗಿಂತ ಕಡಿಮೆಯಿಲ್ಲದ ವಾರ್ಷಿಕ ಸಂಬಳ.

ಪದವಿಯ ವಿಷಯ ತಿಳಿಯಲು anabin ಎಂಬ ಜಾಲತಾಣವಿದೆ. ಅದು ಜರ್ಮನ್ ಭಾಷೆಯಲ್ಲಿದೆ, ನೋಡಲು ಹಳೆಯ ಸರಕಾರಿ ಕಡತದಂತಿದೆ, ಆದರೆ ವೀಸಾ ಅಧಿಕಾರಿ ನೋಡುವುದೂ ಅದನ್ನೇ. ಅಲ್ಲಿ ಎರಡು ಹುಡುಕಾಟ ಮಾಡಬೇಕು. ಮೊದಲನೆಯದು ಸಂಸ್ಥೆಯದು. ಪದವಿ ಪ್ರದಾನ ಮಾಡಿದ ವಿಶ್ವವಿದ್ಯಾಲಯದ ಹೆಸರನ್ನು ಹುಡುಕಬೇಕೇ ಹೊರತು ನೀವು ಓದಿದ ಕಾಲೇಜಿನ ಹೆಸರನ್ನಲ್ಲ. ನಮ್ಮಲ್ಲಿ ಬಹುಪಾಲು ಎಂಜಿನಿಯರಿಂಗ್ ಕಾಲೇಜುಗಳು ಯಾವುದೋ ವಿಶ್ವವಿದ್ಯಾಲಯಕ್ಕೆ ಸೇರಿಕೊಂಡಿರುವುದರಿಂದ ಅನೇಕರು ಕಾಲೇಜಿನ ಹೆಸರು ಸಿಗಲಿಲ್ಲವೆಂದು ಇಲ್ಲೇ ಗಾಬರಿಯಾಗುತ್ತಾರೆ. ವಿಶ್ವವಿದ್ಯಾಲಯದ ಮುಂದೆ H+ ಎಂದಿದ್ದರೆ ಅದು ಮಾನ್ಯ. ಎರಡನೆಯ ಹುಡುಕಾಟ ಪದವಿಯದು: ನಿಮ್ಮ ಪದವಿಯ ಮುಂದೆ entspricht ಅಥವಾ gleichwertig ಎಂದಿರಬೇಕು. ಎರಡೂ ಪುಟಗಳನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. H+/- ಎಂದಿದ್ದರೆ, ಅಥವಾ ನಿಮ್ಮ ಪದವಿ ಪಟ್ಟಿಯಲ್ಲೇ ಇಲ್ಲದಿದ್ದರೆ, ಜರ್ಮನಿಯ ZAB ಎಂಬ ಕಚೇರಿಯಿಂದ ಪದವಿಯ ಮೌಲ್ಯಮಾಪನ ಪತ್ರ ತರಿಸಬೇಕಾಗುತ್ತದೆ. ಅದಕ್ಕೆ ಶುಲ್ಕವೂ ಇದೆ, ಸಮಯವೂ ಹಿಡಿಯುತ್ತದೆ. ಸಂದರ್ಶನ ಗೆದ್ದ ಮೇಲೆ ಇದನ್ನು ಶುರು ಮಾಡಿದರೆ ಕಂಪನಿಗೆ ಕೊಟ್ಟ ದಿನಾಂಕವೆಲ್ಲ ಸುಳ್ಳಾಗುತ್ತದೆ.

ಪದವಿಯೇ ಇಲ್ಲದ ಐಟಿ ಕೆಲಸಗಾರರಿಗೂ 2023ರ ನವೆಂಬರ್‌ನಿಂದ ದಾರಿ ತೆರೆದಿದೆ. ಕಳೆದ ಏಳು ವರ್ಷಗಳಲ್ಲಿ ಪದವೀಧರರ ಮಟ್ಟದ ಮೂರು ವರ್ಷದ ಅನುಭವವನ್ನು ದಾಖಲೆ ಸಮೇತ ತೋರಿಸಬೇಕು.

ಸಂಬಳದ ಮಿತಿ ಪ್ರತಿ ಜನವರಿಯಲ್ಲಿ ಬದಲಾಗುತ್ತದೆ. 2026ಕ್ಕೆ ಸಾಮಾನ್ಯ ಮಿತಿ ವರ್ಷಕ್ಕೆ 50,700 ಯೂರೋ. ಐಟಿ ಸೇರಿದಂತೆ ಜನರ ಕೊರತೆಯಿರುವ ವೃತ್ತಿಗಳಿಗೆ 45,934.20 ಯೂರೋ. ಈ ಎರಡರ ನಡುವೆ ಒಂದು ಸೂಕ್ಷ್ಮವಿದೆ. ಮೇಲಿನ ಮಿತಿಯನ್ನು ದಾಟಿದ ಸಂಬಳವಾದರೆ ಜರ್ಮನಿಯ ಕೇಂದ್ರ ಉದ್ಯೋಗ ಸಂಸ್ಥೆಯ ಒಪ್ಪಿಗೆ ಬೇಕಿಲ್ಲ. ಕೆಳಗಿನ ಮಿತಿಯ ಆಸರೆ ಪಡೆದರೆ ಆ ಒಪ್ಪಿಗೆ ಬೇಕು, ಎಂದರೆ ಇನ್ನೊಂದು ಕಚೇರಿ, ಇನ್ನಷ್ಟು ದಿನ. ಸಂಬಳದ ಚೌಕಾಸಿಯಲ್ಲಿ 49,000ಕ್ಕೆ ಒಪ್ಪಿಕೊಳ್ಳುವ ಮುನ್ನ ಇದು ನೆನಪಿರಲಿ.

ಇನ್ನು ಹೆಸರು. ಇದು ಕನ್ನಡಿಗರಿಗೆ ಬೆನ್ನು ಬಿಡದ ತೊಡಕು. ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಎರಡು ಇನಿಷಿಯಲ್‌ಗಳು, ಪಾಸ್‌ಪೋರ್ಟಿನಲ್ಲಿ ಅವು ಬಿಡಿಸಿಕೊಂಡು ಊರಿನ ಹೆಸರು ಮತ್ತು ತಂದೆಯ ಹೆಸರು, ಈಗಿನ ಕಂಪನಿಯ ಅನುಭವ ಪತ್ರದಲ್ಲಿ ಮತ್ತೊಂದು ರೂಪ. ಕೆಲವರ ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗವೇ ಖಾಲಿ. ಸಂದರ್ಶನಕ್ಕೆ ಕಳುಹಿಸುವ ಸ್ವವಿವರದಲ್ಲಿ ಪಾಸ್‌ಪೋರ್ಟಿನಲ್ಲಿರುವ ರೂಪವನ್ನೇ ಬಳಸಿ, ಏಕೆಂದರೆ ಒಪ್ಪಂದ ಪತ್ರ ಆ ಹೆಸರಿನಲ್ಲೇ ಬರಬೇಕು. ಅಂಕಪಟ್ಟಿಯ ಹೆಸರು ಬೇರೆಯಿದ್ದರೆ ಎರಡೂ ಹೆಸರು ಒಬ್ಬರದೇ ಎಂದು ತಿಳಿಸುವ ಪ್ರಮಾಣಪತ್ರವನ್ನು ನೋಟರಿಯಿಂದ ಮಾಡಿಸಿಟ್ಟುಕೊಳ್ಳಿ. ಕರೆಯ ಮೊದಲ ನಿಮಿಷದಲ್ಲೇ ನಿಮ್ಮನ್ನು ಏನೆಂದು ಕರೆಯಬೇಕೆಂದು ಹೇಳಿಬಿಡಿ. ಇಲ್ಲದಿದ್ದರೆ ಇಡೀ ಸಂದರ್ಶನ ನಿಮ್ಮ ತಂದೆಯವರ ಹೆಸರಿನಲ್ಲೇ ನಡೆದೀತು.

ಸ್ವವಿವರದಿಂದ ತಂದೆಯ ಹೆಸರು, ಧರ್ಮ, ವೈವಾಹಿಕ ಸ್ಥಿತಿ ಎಲ್ಲವನ್ನೂ ತೆಗೆದುಹಾಕಿ. ಅಲ್ಲಿ ಅವುಗಳ ಅಗತ್ಯವಿಲ್ಲ.

ಎರಡನೆಯ ಹಂತ: ವೀಸಾ ಪ್ರಶ್ನೆಗೆ ಒಂದು ನಿಮಿಷದ ಉತ್ತರ

"ನಿಮಗೆ ವೀಸಾ ಪ್ರಾಯೋಜಕತ್ವ ಬೇಕೇ?" ಎಂದು ಕೇಳಿದಾಗ ನಮ್ಮವರ ದನಿ ಸಣ್ಣದಾಗುತ್ತದೆ, ಏನೋ ಉಪಕಾರ ಬೇಡುತ್ತಿರುವವರ ಹಾಗೆ. ಆ ಸಂಕೋಚ ಬಂದಿರುವುದು ಬೇರೆ ದೇಶಗಳ ಕತೆಗಳಿಂದ. ಅಮೆರಿಕದ ಎಚ್-1ಬಿಗೆ ವರ್ಷಕ್ಕೆ 85,000ದ ಮಿತಿ ಇದೆ, ಆಯ್ಕೆಗೆ ಲಾಟರಿ ಇದೆ. ಬ್ರಿಟನ್ನಿನಲ್ಲಿ ಕಂಪನಿಗೆ ಪ್ರಾಯೋಜಕ ಪರವಾನಗಿಯೇ ಬೇಕು. ಜರ್ಮನಿಯ ಬ್ಲೂ ಕಾರ್ಡ್‌ಗೆ ಲಾಟರಿಯೂ ಇಲ್ಲ, ವಾರ್ಷಿಕ ಸಂಖ್ಯಾಮಿತಿಯೂ ಇಲ್ಲ, ಕಂಪನಿ ಮೊದಲೇ ಪರವಾನಗಿ ಪಡೆಯಬೇಕಾಗಿಯೂ ಇಲ್ಲ. ಅರ್ಜಿ ಹಾಕುವವರು ನೀವು. ಕಂಪನಿ ಕೊಡಬೇಕಾದದ್ದು ಸಹಿ ಮಾಡಿದ ಒಪ್ಪಂದ ಮತ್ತು ಕೆಲಸದ ವಿವರ ತುಂಬಿದ ಒಂದು ನಮೂನೆ. ಆ ನಮೂನೆಯ ಹೆಸರು Erklärung zum Beschäftigungsverhältnis.

ಹೊರದೇಶದಿಂದ ಯಾರನ್ನೂ ತೆಗೆದುಕೊಂಡಿರದ ಸಣ್ಣ ಕಂಪನಿಯ ನೇಮಕಾತಿಯವರಿಗೆ ಇದೆಲ್ಲ ತಿಳಿದಿರದೆ ಇರಬಹುದು. ಅವರೂ ಅಮೆರಿಕದ ಕತೆಗಳನ್ನೇ ಕೇಳಿರುತ್ತಾರೆ. ಆದ್ದರಿಂದ ನಿಮ್ಮ ಉತ್ತರ ಅವರಿಗೆ ಧೈರ್ಯ ತುಂಬಬೇಕು. ನಮ್ಮ ಹುಬ್ಬಳ್ಳಿಯ ಎಂಜಿನಿಯರ್ ಸಿದ್ಧಪಡಿಸಿಕೊಂಡ ಉತ್ತರದ ಸಾರ ಹೀಗಿದೆ:

"ಹೌದು, ನನಗೆ ಕೆಲಸದ ವೀಸಾ ಬೇಕು. ನಾನು ಬ್ಲೂ ಕಾರ್ಡ್‌ಗೆ ಅರ್ಹಳು. ನನ್ನ ವಿಶ್ವವಿದ್ಯಾಲಯ anabin ಪಟ್ಟಿಯಲ್ಲಿ H+ ಎಂದಿದೆ, ಪದವಿಯೂ ಮಾನ್ಯವಾಗಿದೆ. ಎರಡರ ಪ್ರತಿಯನ್ನೂ ಇವತ್ತೇ ಕಳುಹಿಸಬಲ್ಲೆ. ನಿಮ್ಮ ಕಡೆಯಿಂದ ಒಪ್ಪಂದ ಮತ್ತು ಉದ್ಯೋಗದ ಘೋಷಣಾ ನಮೂನೆ ಬಂದರೆ ಅರ್ಜಿಯನ್ನು ನಾನೇ ಹಾಕುತ್ತೇನೆ."

ಇದರಲ್ಲಿ "ಹೌದು" ಮೊದಲು ಬಂದಿದೆ. ವೀಸಾ ಬೇಕು ಎಂಬ ಮಾತನ್ನು ನಾಲ್ಕು ವಾಕ್ಯಗಳ ಹಿಂದೆ ಅಡಗಿಸಿಟ್ಟರೆ ಕೇಳುವವರು ಇನ್ನೇನು ಅಡಗಿದೆಯೋ ಎಂದು ಯೋಚಿಸುತ್ತಾರೆ. ಅರ್ಜಿಯ ನಮೂನೆಯಲ್ಲಿ "ಕೆಲಸದ ಪರವಾನಗಿ ಇದೆಯೇ" ಎಂಬಲ್ಲಿ ಇದೆ ಎಂದು ಗುರುತು ಹಾಕಿ, ಆಮೇಲೆ ವಿವರಿಸೋಣ ಎಂದುಕೊಳ್ಳುವವರೂ ಇದ್ದಾರೆ. ಮೊದಲ ಕರೆಯಲ್ಲೇ ಅದು ಬಯಲಾಗುತ್ತದೆ, ಮಾತುಕತೆ ಅಲ್ಲಿಗೇ ಮುಗಿಯುತ್ತದೆ.

ಒಂದು ಗೆರೆ ಮಾತ್ರ ದಾಟಬೇಡಿ: ವೀಸಾ ಇಷ್ಟೇ ವಾರಗಳಲ್ಲಿ ಬರುತ್ತದೆ ಎಂದು ಖಾತ್ರಿ ಕೊಡಬೇಡಿ. ಅದು ನಿಮ್ಮ ಕೈಯಲ್ಲಿಲ್ಲ. ಅವಸರವಿದ್ದರೆ ಕಂಪನಿಯೇ ಜರ್ಮನಿಯ ವಿದೇಶಿಯರ ಕಚೇರಿಯಲ್ಲಿ ಶುಲ್ಕ ಕಟ್ಟಿ ತ್ವರಿತ ವಿಧಾನವನ್ನು ಆರಂಭಿಸಬಹುದು. 411 ಯೂರೋ ಶುಲ್ಕದ ಈ ದಾರಿ ಇದೆ ಎಂದು ತಿಳಿಸಿ, ನಿರ್ಧಾರ ಅವರಿಗೆ ಬಿಡಿ.

ಮೂರನೆಯ ಹಂತ: ಸೇರುವ ದಿನಾಂಕವನ್ನು ಕಾಗದದ ಮೇಲೆ ಲೆಕ್ಕ ಹಾಕಿ

ನಮ್ಮವರು 90 ದಿನಗಳ ನೋಟಿಸ್ ಅವಧಿಯನ್ನು ರೋಗದಂತೆ ಮುಚ್ಚಿಡುತ್ತಾರೆ. ಬೆಂಗಳೂರಿನ ನೇಮಕಾತಿ ಏಜೆನ್ಸಿಗಳು "ತಕ್ಷಣ ಸೇರಬಲ್ಲವರು ಮಾತ್ರ" ಎಂದು ವರ್ಷಗಟ್ಟಲೆ ಹೆದರಿಸಿದ್ದರ ಫಲ ಇದು. ಜರ್ಮನಿಯಲ್ಲಿ ಮೂರು ತಿಂಗಳ ನೋಟಿಸ್ ಅವಧಿ ಅನೇಕ ಒಪ್ಪಂದಗಳಲ್ಲಿ ಮಾಮೂಲು. ಅಲ್ಲಿನ ವ್ಯವಸ್ಥಾಪಕರು ತಮ್ಮ ದೇಶದ ಅಭ್ಯರ್ಥಿಗೂ ಅಷ್ಟೇ ಕಾಯುತ್ತಾರೆ. ಹಾಗಾಗಿ 90 ದಿನ ಎಂದು ನೇರವಾಗಿ ಹೇಳಿ.

ಲೆಕ್ಕ ಹೀಗೆ. ಜೂನ್ 10ಕ್ಕೆ ಎರಡೂ ಕಡೆಯ ಸಹಿಯಿರುವ ಒಪ್ಪಂದ ಕೈಗೆ ಬಂತು ಎನ್ನೋಣ. ಕಾಗದಪತ್ರ ಮೊದಲೇ ಸಿದ್ಧವಿರುವುದರಿಂದ ಜೂನ್ 20ರೊಳಗೆ ಅರ್ಜಿ ಹೋಗುತ್ತದೆ. ಜುಲೈ ಕೊನೆಗೆ ವೀಸಾ ಬಂದರೆ ಆಗಸ್ಟ್ 1ಕ್ಕೆ ರಾಜೀನಾಮೆ, ಅಕ್ಟೋಬರ್ 30ಕ್ಕೆ 90 ದಿನ ಮುಗಿಯುತ್ತದೆ. ಜರ್ಮನಿಯಲ್ಲಿ ಕೆಲಸದ ಒಪ್ಪಂದಗಳು ಹೆಚ್ಚಾಗಿ ತಿಂಗಳ ಒಂದನೆಯ ತಾರೀಖಿನಿಂದ ಆರಂಭವಾಗುವುದರಿಂದ ಸೇರುವ ದಿನ ನವೆಂಬರ್ 1. ಈಗಿನ ಕಂಪನಿ 30 ದಿನಗಳ ಸಂಬಳ ಕಟ್ಟಿಸಿಕೊಂಡು ಬೇಗ ಬಿಡಲು ಒಪ್ಪಿದರೆ ಅಕ್ಟೋಬರ್ 1 ಆಗಬಹುದು. ಆದ್ದರಿಂದ ಸಂದರ್ಶನದಲ್ಲಿ ಅವಳ ಉತ್ತರ: "ವೀಸಾ ಜುಲೈ ಕೊನೆಗೆ ಬಂದರೆ ನವೆಂಬರ್ 1. ನನ್ನ ಕಂಪನಿ ಬೇಗ ಬಿಟ್ಟರೆ ಅಕ್ಟೋಬರ್ 1. ವೀಸಾ ತಡವಾದರೆ ಒಂದು ತಿಂಗಳು ಮುಂದೆ ಹೋಗಬಹುದು. ಪ್ರತಿ ಹಂತದಲ್ಲೂ ನಿಮಗೆ ತಿಳಿಸುತ್ತೇನೆ."

ಷರತ್ತಿನೊಂದಿಗೆ ಹೇಳಿದ ದಿನಾಂಕಕ್ಕೆ ಅಲ್ಲಿ ಬೆಲೆಯಿದೆ. "ಆದಷ್ಟು ಬೇಗ" ಎಂಬ ಮಾತಿಗೆ ಇಲ್ಲ. ಒಪ್ಪಂದ ಬಂದ ದಿನವೇ ರಾಜೀನಾಮೆ ಕೊಟ್ಟು ಸೆಪ್ಟೆಂಬರ್ ಹೊತ್ತಿಗೆ ಬರುತ್ತೇನೆ ಎಂದು ಹೇಳುವ ಆಸೆ ಬರುತ್ತದೆ. ವೀಸಾಕ್ಕೆ ಮೊದಲು ಕೆಲಸ ಬಿಡುವ ಅಪಾಯ ಪೂರ್ತಿಯಾಗಿ ನಿಮ್ಮದು, ಆ ಅಪಾಯಕ್ಕೆ ಕಂಪನಿ ಹಣ ಕೊಡುವುದಿಲ್ಲ.

ನಾಲ್ಕನೆಯ ಹಂತ: "ಜರ್ಮನಿಯೇ ಏಕೆ?"

ಈ ಪ್ರಶ್ನೆಗೆ ಸೋಲುವ ಉತ್ತರಗಳು ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತವೆ: ಒಳ್ಳೆಯ ಜೀವನಮಟ್ಟ, ಜಾಗತಿಕ ಅನುಭವ, ಯುರೋಪ್ ಸುತ್ತಬಹುದು. ಯಾವುದೂ ಸುಳ್ಳಲ್ಲ. ಆದರೆ ಅವು ನೆದರ್ಲೆಂಡ್ಸಿಗೂ ಹೊಂದುತ್ತವೆ, ಕೆನಡಾಕ್ಕೂ ಹೊಂದುತ್ತವೆ. ಕೇಳುವವರಿಗೆ ಅದರಿಂದ ತಿಳಿಯುವುದು ಇಷ್ಟೇ: ನಾಳೆ ಕೆನಡಾದಿಂದ ಕರೆ ಬಂದರೆ ಇವರು ಹೋಗುತ್ತಾರೆ. ಬೆಂಗಳೂರಿನ ವಾಹನ ದಟ್ಟಣೆಯನ್ನು ಬೈಯುವುದೂ ಬೇಡ. ಸಿಲ್ಕ್ ಬೋರ್ಡ್ ಜಂಕ್ಷನ್ ಸಾಕಷ್ಟು ಬೈಗುಳ ತಿಂದಿದೆ, ಮತ್ತು ಒಂದು ಊರಿನಿಂದ ಓಡಿಹೋಗಲು ಬಯಸುವವರು ಇನ್ನೊಂದು ಊರಿನಲ್ಲಿ ಉಳಿಯುತ್ತಾರೆ ಎಂಬುದಕ್ಕೆ ಅದು ಪುರಾವೆಯಲ್ಲ.

ಉತ್ತರದಲ್ಲಿ ಮೂರು ಪದರಗಳು ಈ ಕ್ರಮದಲ್ಲೇ ಇರಲಿ. ಮೊದಲು ಕೆಲಸ: ಈ ಕಂಪನಿಯ ಯಾವ ಸಮಸ್ಯೆ ನಿಮ್ಮ ಅನುಭವಕ್ಕೆ ತಾಗುತ್ತದೆ. ಎರಡನೆಯದು ಸ್ಥಳ: ಈ ಊರನ್ನು ಏಕೆ ಪರಿಗಣಿಸಿದಿರಿ, ಅದರ ಬಗ್ಗೆ ಏನು ವಿಚಾರಿಸಿ ತಿಳಿದಿದ್ದೀರಿ. ಮೂರನೆಯದು ಉಳಿಯುವ ಯೋಜನೆ. ಅವಳ ಉತ್ತರ ಹೀಗೆ ರೂಪುಗೊಂಡಿತು:

"ನಾನು ಯುಪಿಐ ಪಾವತಿಗಳ ಮೇಲೆ ಕೆಲಸ ಮಾಡಿದ್ದೇನೆ. ನಿಮ್ಮಲ್ಲಿ ಒಂದೇ ವ್ಯವಸ್ಥೆ ಹಲವು ದೇಶಗಳ ಬ್ಯಾಂಕುಗಳ ಜೊತೆ ವ್ಯವಹರಿಸಬೇಕು. ಆ ತೊಡಕನ್ನು ಬಿಡಿಸುವ ಅವಕಾಶ ನನಗೆ ಈಗ ಇಲ್ಲ. ಬರ್ಲಿನ್ನಿನಲ್ಲಿ ನನ್ನ ಇಬ್ಬರು ಹಳೆಯ ಸಹೋದ್ಯೋಗಿಗಳು ಇದ್ದಾರೆ, ಅಲ್ಲಿ ಮನೆ ಸಿಗುವುದು ಕಷ್ಟವೆಂದೂ ಅವರಿಂದ ತಿಳಿದಿದ್ದೇನೆ. ಗಂಡ ಮತ್ತು ಮಗಳ ಜೊತೆ ದೀರ್ಘಕಾಲ ನೆಲೆಸುವ ಯೋಚನೆ ಇದೆ. ಜರ್ಮನ್ ಭಾಷೆಯ ಎ1 ಮಟ್ಟದ ತರಗತಿಗೆ ಸೇರಿದ್ದೇನೆ."

ಮನೆ ಸಿಗುವುದು ಕಷ್ಟ ಎಂಬ ಮಾತನ್ನು ಸೇರಿಸಿದ್ದು ಬೇಕೆಂದೇ. ಊರಿನ ಒಂದು ನಿಜವಾದ ಕಷ್ಟವನ್ನು ನೀವಾಗಿಯೇ ಹೇಳಿದರೆ, ಕನಸಿನಲ್ಲಿ ತೇಲುತ್ತಿಲ್ಲ ಎಂಬುದು ಅರ್ಥವಾಗುತ್ತದೆ. ಸಹೋದ್ಯೋಗಿಗಳು ಅಲ್ಲಿ ಇಲ್ಲದಿದ್ದರೆ ಇದ್ದಾರೆ ಎನ್ನಬೇಡಿ. ಮುಂದಿನ ಪ್ರಶ್ನೆ ಅವರ ಬಗ್ಗೆಯೇ ಬರುತ್ತದೆ.

ಭಾಷೆಯ ಮಾತು ಬರಿಯ ಅಲಂಕಾರವಲ್ಲ. ಬ್ಲೂ ಕಾರ್ಡ್ ಇದ್ದವರು ಎ1 ಎಂಬ ಆರಂಭಿಕ ಮಟ್ಟದ ಜರ್ಮನ್‌ನೊಂದಿಗೆ 27 ತಿಂಗಳ ಕೆಲಸದ ನಂತರ ಕಾಯಂ ವಾಸದ ಪರವಾನಗಿಗೆ ಅರ್ಜಿ ಹಾಕಬಹುದು. ಬಿ1 ಎಂಬ ಮಧ್ಯಮ ಮಟ್ಟ ತಲುಪಿದ್ದರೆ 21 ತಿಂಗಳು ಸಾಕು. ಐದು ವರ್ಷಗಳ ನಂತರ ಎಲ್ಲಿರುತ್ತೀರಿ ಎಂದು ಕೇಳಿದಾಗ ಈ ಲೆಕ್ಕ ಗೊತ್ತಿರುವವರ ಉತ್ತರಕ್ಕೆ ತೂಕ ಬರುತ್ತದೆ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ತರಗತಿಗಳಿವೆ. ಕಲಿಯುತ್ತಿಲ್ಲವಾದರೆ ಕಲಿಯುತ್ತಿದ್ದೇನೆ ಎನ್ನಬೇಡಿ. ಸಂದರ್ಶಕರು ತಟ್ಟನೆ ಒಂದು ವಾಕ್ಯ ಜರ್ಮನ್‌ನಲ್ಲಿ ಕೇಳಿದರೆ ಮುಖ ಕೆಂಪಾಗುತ್ತದೆ.

ಕುಟುಂಬದ ವಿಷಯ ಸ್ವಲ್ಪ ಬೇರೆ. ಗರ್ಭಿಣಿಯೇ, ಮಕ್ಕಳ ಯೋಜನೆ ಇದೆಯೇ, ಯಾವ ಧರ್ಮ ಎಂಬ ಪ್ರಶ್ನೆಗಳನ್ನು ಕೇಳಲು ಜರ್ಮನ್ ಕಾನೂನು ಸಾಮಾನ್ಯವಾಗಿ ಬಿಡುವುದಿಲ್ಲ. ಉತ್ತರಿಸಬೇಕಾದ ಕಟ್ಟುಪಾಡು ನಿಮಗಿಲ್ಲ. "ಕೆಲಸಕ್ಕೆ ಸಂಬಂಧಿಸಿದ್ದಕ್ಕೆ ಸಂತೋಷದಿಂದ ಉತ್ತರಿಸುತ್ತೇನೆ" ಎಂದು ನಗುತ್ತಲೇ ಹೇಳಬಹುದು. ಆದರೆ ಕುಟುಂಬದೊಂದಿಗೆ ಹೊರಡುವ ವಿಷಯವನ್ನು ನೀವಾಗಿಯೇ ಹೇಳುವುದು ನಿಮಗೇ ಅನುಕೂಲ. ಬ್ಲೂ ಕಾರ್ಡ್ ಪಡೆದವರ ಗಂಡ ಅಥವಾ ಹೆಂಡತಿಗೆ ವೀಸಾಕ್ಕಾಗಿ ಜರ್ಮನ್ ಪರೀಕ್ಷೆ ಬರೆಯಬೇಕಾದ ನಿಯಮವಿಲ್ಲ, ಅಲ್ಲಿಗೆ ಹೋದ ಮೇಲೆ ಕೆಲಸ ಮಾಡಲೂ ಅವಕಾಶವಿದೆ. ಇದು ತಿಳಿದಿದ್ದರೆ "ನಿಮ್ಮ ಮನೆಯವರು ಒಪ್ಪಿದ್ದಾರೆಯೇ" ಎಂಬ ಪ್ರಶ್ನೆಗೆ ಬರಿಯ "ಹೌದು"ವಿನ ಬದಲು ಗಂಡನ ವೃತ್ತಿಯ ಯೋಜನೆಯನ್ನೂ ಒಂದು ವಾಕ್ಯದಲ್ಲಿ ಹೇಳಬಹುದು.

ಐದನೆಯ ಹಂತ: ಮಾತಿನ ರೀತಿಯನ್ನು ಅಭ್ಯಾಸ ಮಾಡಿ

ನನ್ನ ಅಭಿಪ್ರಾಯದಲ್ಲಿ ನಮ್ಮವರು ಹೆಚ್ಚು ಅಂಕ ಕಳೆದುಕೊಳ್ಳುವುದು ಇಲ್ಲಿ, ಅದೂ ಸಜ್ಜನಿಕೆಯ ಕಾರಣಕ್ಕೆ. ಹಿರಿಯರ ಮಾತಿಗೆ ಎದುರಾಡದಿರುವುದು, ಇಲ್ಲ ಎಂಬುದನ್ನು ನೇರವಾಗಿ ಹೇಳದಿರುವುದು, ತನ್ನ ಕೆಲಸವನ್ನು ತಾನೇ ಹೊಗಳದಿರುವುದು, ಮೂರೂ ನಮ್ಮಲ್ಲಿ ಗುಣಗಳೇ. ಜರ್ಮನ್ ಸಂದರ್ಶಕರ ಟಿಪ್ಪಣಿಯಲ್ಲಿ ಅವು ಬೇರೆ ಹೆಸರಿನಲ್ಲಿ ದಾಖಲಾಗುತ್ತವೆ: ಸ್ವಂತ ಅಭಿಪ್ರಾಯವಿಲ್ಲ, ಸ್ಪಷ್ಟತೆಯಿಲ್ಲ, ಕೆಲಸ ಯಾರು ಮಾಡಿದರೋ ತಿಳಿಯಲಿಲ್ಲ.

ಭಿನ್ನಾಭಿಪ್ರಾಯದಿಂದ ಶುರು ಮಾಡೋಣ. ತಾಂತ್ರಿಕ ಸುತ್ತಿನಲ್ಲಿ ನಿಮ್ಮ ವಿನ್ಯಾಸವನ್ನು ಅವರು ಬೇಕೆಂದೇ ಪ್ರಶ್ನಿಸುತ್ತಾರೆ. ನಮ್ಮ ಎಂಜಿನಿಯರ್ ಪ್ರತಿಯೊಂದು ಪಾವತಿ ಕೋರಿಕೆಗೂ ವಿಶಿಷ್ಟ ಗುರುತಿನ ಕೀಲಿ ಇರಬೇಕು, ಆಗ ಅದೇ ಕೋರಿಕೆ ಎರಡು ಸಲ ಬಂದರೂ ಹಣ ಎರಡು ಸಲ ಕಡಿತವಾಗುವುದಿಲ್ಲ ಎಂದು ವಿವರಿಸಿದಳು ಎನ್ನೋಣ. ಸಂದರ್ಶಕ ತಲೆಯಾಡಿಸಿ, "ಇದು ಅನಗತ್ಯ. ಡೇಟಾಬೇಸ್ ಲಾಕ್ ಸಾಕು" ಎಂದ. ಇಲ್ಲಿ "ಹೌದು, ನೀವು ಹೇಳಿದ್ದೂ ಸರಿ" ಎಂದರೆ ಪರೀಕ್ಷೆಯಲ್ಲಿ ಸೋತಂತೆ. "ಇಲ್ಲ, ತಪ್ಪು" ಎಂದು ಮೊಟಕುವುದೂ ಬೇಕಿಲ್ಲ. ಅವಳು ಹೇಳಬಹುದಾದದ್ದು: "ನಾನು ಒಪ್ಪುವುದಿಲ್ಲ, ಕಾರಣ ಹೇಳುತ್ತೇನೆ. ಗ್ರಾಹಕರ ಮೊಬೈಲಿಗೆ ಉತ್ತರ ತಲುಪದೆ ಅರ್ಧ ನಿಮಿಷದ ಬಳಿಕ ಕೋರಿಕೆ ಮತ್ತೆ ಬಂದರೆ, ಅಷ್ಟರಲ್ಲಿ ಲಾಕ್ ಬಿಟ್ಟುಹೋಗಿರುತ್ತದೆ. ವ್ಯವಸ್ಥೆ ಅದನ್ನು ಹೊಸ ಪಾವತಿ ಎಂದೇ ತಿಳಿಯುತ್ತದೆ. ಆದರೆ ಒಂದು ಆರ್ಡರ್‌ಗೆ ಒಂದೇ ಪಾವತಿ ಎಂಬ ನಿಯಮ ನಿಮ್ಮಲ್ಲಿದ್ದರೆ ಆರ್ಡರ್ ಸಂಖ್ಯೆಯೇ ಕೀಲಿಯಾಗುತ್ತದೆ, ಬೇರೆ ಕೀಲಿ ಬೇಕಿಲ್ಲ." ಇಲ್ಲಿ ಒಪ್ಪುವುದಿಲ್ಲ ಎಂಬುದು ಮೊದಲ ವಾಕ್ಯದಲ್ಲೇ ಬಂದಿದೆ, ಕಾರಣ ಕೆಲಸದ್ದು, ವ್ಯಕ್ತಿಯದ್ದಲ್ಲ. ಯಾವ ಸಂದರ್ಭದಲ್ಲಿ ಎದುರಿನವರ ಮಾತು ನಿಲ್ಲುತ್ತದೆ ಎಂಬುದನ್ನೂ ಹೇಳಿದ್ದಾಳೆ.

ಅವರು ನಿಮ್ಮ ಉತ್ತರಕ್ಕೆ "ಇದು ನನಗೆ ಸರಿಕಾಣಲಿಲ್ಲ" ಎಂದು ನೇರವಾಗಿ ಹೇಳಿದರೆ ಅವಮಾನವೆಂದು ತಿಳಿಯಬೇಡಿ. ಅಲ್ಲಿ ಅದು ಕೆಲಸದ ಮಾತು, ಐದು ನಿಮಿಷದ ನಂತರ ಅದೇ ವ್ಯಕ್ತಿ ನಿಮ್ಮನ್ನು ತೆಗೆದುಕೊಳ್ಳೋಣ ಎಂದು ಬರೆಯಬಹುದು.

ಎರಡನೆಯದು ಉತ್ತರದ ಜೋಡಣೆ. ನಾವು ಹಿನ್ನೆಲೆಯಿಂದ ಹೊರಟು ಕೊನೆಗೆ ವಿಷಯಕ್ಕೆ ಬರುತ್ತೇವೆ: ಆಗ ಕಂಪನಿಯಲ್ಲಿ ಹೀಗಿತ್ತು, ಮ್ಯಾನೇಜರ್ ಬದಲಾಗಿದ್ದರು, ಆದ್ದರಿಂದ... ಅಲ್ಲಿ ತೀರ್ಮಾನ ಮೊದಲು ಬರಬೇಕು. ಅಭ್ಯಾಸಕ್ಕೆ ಒಂದು ಉಪಾಯವಿದೆ. ನಿಮ್ಮ ಉತ್ತರವನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಕೇಳಿದ ಪ್ರಶ್ನೆಗೆ ನೇರ ಉತ್ತರ ಎಷ್ಟನೆಯ ವಾಕ್ಯದಲ್ಲಿ ಬಂತು ಎಂದು ಎಣಿಸಿ. ಎರಡನೆಯ ವಾಕ್ಯ ದಾಟಿದ್ದರೆ ಮತ್ತೆ ಹೇಳಿ.

ಮೂರನೆಯದು "ನಾವು". ನಾವು ಮಾಡಿದೆವು, ನಾವು ಬದಲಿಸಿದೆವು ಎಂಬುದು ವಿನಯ. ಸಂದರ್ಶಕರು ಮಾತ್ರ ಆ "ನಾವು"ವಿನಲ್ಲಿ ನೀವು ಯಾರು ಎಂದು ಹುಡುಕುತ್ತಿರುತ್ತಾರೆ. ಪ್ರತಿ ಯೋಜನೆಗೂ ತಂಡದಲ್ಲಿ ಎಷ್ಟು ಜನ, ನೀವು ತೆಗೆದುಕೊಂಡ ನಿರ್ಧಾರ ಯಾವುದು, ನೀವು ಬರೆದ ಭಾಗ ಯಾವುದು, ನಿಮ್ಮ ಮಾತು ನಡೆಯದೆ ಹೋದದ್ದು ಯಾವುದು ಎಂದು ಮೊದಲೇ ಬರೆದಿಟ್ಟುಕೊಳ್ಳಿ. ಹಾಗೆಂದು ಎಲ್ಲವನ್ನೂ "ನಾನೇ" ಎನ್ನುವುದೂ ಬೇಡ. ಬಡಾಯಿಯನ್ನು ಅಲ್ಲಿ ಬೇಗ ಗುರುತಿಸುತ್ತಾರೆ.

ಶನಿವಾರ, ಭಾನುವಾರವೂ ಕೆಲಸ ಮಾಡಿ ಯೋಜನೆ ಮುಗಿಸಿದೆ ಎಂಬುದನ್ನು ಸಾಧನೆಯಾಗಿ ಹೇಳಬೇಡಿ. ಜರ್ಮನಿಯಲ್ಲಿ ದಿನದ ಕೆಲಸ ಸರಾಸರಿ 8 ಗಂಟೆ, ಹೆಚ್ಚೆಂದರೆ 10 ಗಂಟೆ ಎಂದು ಕಾನೂನೇ ಇದೆ. ನಿಮ್ಮ ಹೆಮ್ಮೆಯ ಕತೆ ಅವರಿಗೆ ಯೋಜನೆ ತಪ್ಪಿದ ಕತೆಯಾಗಿ ಕೇಳಿಸುತ್ತದೆ. ಅದೇ ಕತೆಯನ್ನು, ಕೆಲಸ ಏಕೆ ಹಿಂದೆ ಬಿತ್ತು, ಮುಂದಿನ ಸಲ ನೀವು ಏನನ್ನು ಬದಲಿಸಿದಿರಿ ಎಂಬ ಕಡೆಯಿಂದ ಹೇಳಿ.

ವಿಡಿಯೋದಲ್ಲಿ ನಮ್ಮ ತಲೆಯಾಡಿಕೆಯೂ ತೊಡಕು. ಅಕ್ಕಪಕ್ಕಕ್ಕೆ ತೂಗುವ ಆ ಚಲನೆಗೆ ಹೌದು, ಆಯಿತು, ಕೇಳುತ್ತಿದ್ದೇನೆ ಎಂಬ ಅರ್ಥಗಳೆಲ್ಲ ನಮಗೆ ಗೊತ್ತು. ಅವರಿಗೆ ಅದು ಇಲ್ಲ ಎಂಬಂತೆ ಕಾಣಬಹುದು. ಒಪ್ಪಿಗೆಯನ್ನು ಬಾಯಲ್ಲಿ ಹೇಳಿ. "ಸರ್", "ಮೇಡಂ" ಬಿಟ್ಟು, ಅವರು ತಮ್ಮನ್ನು ಪರಿಚಯಿಸಿಕೊಂಡ ಹೆಸರಿನಿಂದಲೇ ಕರೆಯಿರಿ. ನಿಮ್ಮ ಉತ್ತರ ಮುಗಿದ ಮೇಲೆ ಅವರು ಕೆಲವು ಕ್ಷಣ ಸುಮ್ಮನಿದ್ದರೆ ಬರೆದುಕೊಳ್ಳುತ್ತಿದ್ದಾರೆ ಎಂದು ತಿಳಿಯಿರಿ. ಆ ಮೌನವನ್ನು ತುಂಬಲು ಹೋಗಿ, ಚೆನ್ನಾಗಿ ಕೊಟ್ಟ ಉತ್ತರವನ್ನು ಹಾಳುಮಾಡಿಕೊಳ್ಳುವವರು ಬಹಳ.

ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ, ಆದರೆ ಹೀಗೆ ಹುಡುಕುತ್ತೇನೆ" ಎನ್ನಿ. ಹಳೆಯ ಮ್ಯಾನೇಜರ್ ಬಗ್ಗೆ ಕೇಳಿದರೆ ದೂರೂ ಬೇಡ, ಸ್ತುತಿಯೂ ಬೇಡ. ಯಾವ ನಿರ್ಧಾರದಲ್ಲಿ ಒಮ್ಮತವಿರಲಿಲ್ಲ, ಕೊನೆಗೆ ಏನಾಯಿತು ಎಂಬಷ್ಟು ಸಾಕು.

ಆರನೆಯ ಹಂತ: ಸಂಬಳದ ಸಂಖ್ಯೆ

ಜರ್ಮನಿಯಲ್ಲಿ ಸಂಬಳ ಎಂದರೆ ತೆರಿಗೆಗೆ ಮುಂಚಿನ ವಾರ್ಷಿಕ ಮೊತ್ತ. ನಮ್ಮ ಸಿಟಿಸಿಯಲ್ಲಿ ಕಂಪನಿ ಕಟ್ಟುವ ಭವಿಷ್ಯ ನಿಧಿ, ಗ್ರಾಚ್ಯುಟಿ ಎಲ್ಲ ಸೇರಿರುತ್ತದೆ. ಅಲ್ಲಿ ಕಂಪನಿ ತನ್ನ ಪಾಲಿಗೆ ಕಟ್ಟುವ ವಿಮೆ, ಪಿಂಚಣಿ ಮೊತ್ತ ಈ ಸಂಖ್ಯೆಯ ಹೊರಗಿರುತ್ತದೆ. ಹಾಗಾಗಿ ಸಿಟಿಸಿಯನ್ನು ಯೂರೋಗೆ ಪರಿವರ್ತಿಸಿ ಇಷ್ಟು ಶೇಕಡಾ ಹೆಚ್ಚು ಕೊಡಿ ಎಂದು ಕೇಳುವುದರಲ್ಲಿ ಅರ್ಥವಿಲ್ಲ. brutto netto rechner ಎಂದು ಹುಡುಕಿದರೆ ಸಿಗುವ ಲೆಕ್ಕಯಂತ್ರದಲ್ಲಿ ಮೊತ್ತ ಹಾಕಿ ನೋಡಿ. 70,000 ಯೂರೋ ಸಂಬಳದ ಒಬ್ಬಂಟಿ ವ್ಯಕ್ತಿಯ ಕೈಗೆ ಸುಮಾರು ಶೇ 60ರಷ್ಟು ಬರುತ್ತದೆ. ವಿವಾಹಿತರಿಗೆ ತೆರಿಗೆ ವರ್ಗ ಬೇರೆಯಾಗಿರಬಹುದು. ಅದರಿಂದ ಮನೆ ಬಾಡಿಗೆ, ಖರ್ಚು ಕಳೆದು ನಿಮಗೆ ಸಾಕೆನಿಸುವ ಮೊತ್ತಕ್ಕೆ ಬನ್ನಿ. ಕೇಳಿದಾಗ "68,000ದಿಂದ 72,000" ಎಂಬಂತೆ ಕಿರಿದಾದ ವ್ಯಾಪ್ತಿ ಹೇಳಿ ನಿಲ್ಲಿಸಿ. "ಕಂಪನಿಯ ನಿಯಮದಂತೆ ಕೊಡಿ" ಎಂಬ ನಮ್ಮ ಹಳೆಯ ಉತ್ತರಕ್ಕೆ ಅವರು ಮತ್ತೆ ಅದೇ ಪ್ರಶ್ನೆ ಕೇಳುತ್ತಾರೆ.

ಏಳನೆಯ ಹಂತ: ಸಂದರ್ಶನದ ದಿನ ಮತ್ತು ಅದರ ಬಳಿಕ

ಜರ್ಮನಿಯ ಗಡಿಯಾರ ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಬದಲಾಗುತ್ತದೆ. ಬೇಸಿಗೆಯಲ್ಲಿ ನಾವು ಮೂರೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಮುಂದೆ. ಮಾರ್ಚ್ 25ಕ್ಕೆ ಬಂದ ಆಹ್ವಾನದಲ್ಲಿ ಏಪ್ರಿಲ್ 2ರ ಬೆಳಗ್ಗೆ 10 ಗಂಟೆ ಎಂದಿದ್ದರೆ ನಮ್ಮಲ್ಲಿ ಅದು ಮಧ್ಯಾಹ್ನ 1.30, ಅಂದಿನ ಲೆಕ್ಕದಂತೆ 2.30 ಅಲ್ಲ. ಒಂದು ಗಂಟೆ ತಡವಾಗಿ ಹೋದವರಿಗೆ ಎರಡನೆಯ ಅವಕಾಶ ಸಿಗುವುದು ಕಷ್ಟ. ಐದು ನಿಮಿಷ ಮೊದಲೇ ಸಿದ್ಧರಾಗಿ, ವಿದ್ಯುತ್ ಹೋದರೆ ಮೊಬೈಲ್ ಇಂಟರ್‌ನೆಟ್ ಜೋಡಿಸುವ ವ್ಯವಸ್ಥೆ ಮಾಡಿಕೊಂಡಿರಿ.

ಕೊನೆಯಲ್ಲಿ "ನಿಮ್ಮ ಪ್ರಶ್ನೆಗಳೇನು" ಎಂದು ಕೇಳಿದಾಗ "ಏನೂ ಇಲ್ಲ" ಎನ್ನುವುದು ಆಸಕ್ತಿಯಿಲ್ಲ ಎಂದಂತೆ. ಪರೀಕ್ಷಾ ಅವಧಿಯ ಬಗ್ಗೆ ಕೇಳಿ. ಸಾಮಾನ್ಯವಾಗಿ ಅದು ಆರು ತಿಂಗಳು, ಆ ಅವಧಿಯಲ್ಲಿ ಎರಡು ವಾರಗಳ ನೋಟಿಸ್‌ನಲ್ಲಿ ಯಾರು ಬೇಕಾದರೂ ಒಪ್ಪಂದ ಮುಗಿಸಬಹುದು. ಈ ಆರು ತಿಂಗಳಲ್ಲಿ ನನ್ನಿಂದ ಏನು ನಿರೀಕ್ಷಿಸುತ್ತೀರಿ ಎಂಬುದು ಒಳ್ಳೆಯ ಪ್ರಶ್ನೆ. ಸ್ಥಳಾಂತರದ ಖರ್ಚು, ಮೊದಲ ತಿಂಗಳುಗಳ ತಾತ್ಕಾಲಿಕ ಮನೆ, ಮನೆಯ ವಿಳಾಸ ನೋಂದಣಿಗೆ ನೆರವು ಇದೆಯೇ ಎಂದೂ ವಿಚಾರಿಸಿ. ವಿಳಾಸ ನೋಂದಣಿಯಾಗದೆ ಅಲ್ಲಿ ಮುಂದಿನ ಎಷ್ಟೋ ಕೆಲಸಗಳು ನಿಲ್ಲುತ್ತವೆ, ಮತ್ತು ಎಲ್ಲ ತಾತ್ಕಾಲಿಕ ಮನೆಗಳಲ್ಲೂ ನೋಂದಣಿಗೆ ಅವಕಾಶವಿರುವುದಿಲ್ಲ.

ಸಂದರ್ಶನದ ಹೆಸರಿನಲ್ಲಿ ಯಾರಾದರೂ ವೀಸಾ ಶುಲ್ಕ, ಭದ್ರತಾ ಠೇವಣಿ ಎಂದು ಹಣ ಕೇಳಿದರೆ, ಅಥವಾ ತಾಂತ್ರಿಕ ಮಾತುಕತೆಯೇ ಇಲ್ಲದೆ ನೇಮಕಾತಿ ಪತ್ರ ಕಳುಹಿಸಿದರೆ ಅಲ್ಲಿಗೇ ಬಿಡಿ. ನಿಜವಾದ ವೀಸಾ ಶುಲ್ಕವನ್ನು ನೀವು ಕಟ್ಟುವುದು ಅರ್ಜಿ ಸಲ್ಲಿಸುವಾಗ, ಕಂಪನಿಗಲ್ಲ.

ಆಯ್ಕೆಯಾದರೆ, ಕರ್ನಾಟಕದಲ್ಲಿ ವಾಸವಿರುವವರ ಅರ್ಜಿ ಬೆಂಗಳೂರಿನ ಜರ್ಮನ್ ಕಾನ್ಸುಲೇಟಿನ ವ್ಯಾಪ್ತಿಗೆ ಬರುತ್ತದೆ. ಪುಣೆಯಲ್ಲೋ ಮುಂಬೈಯಲ್ಲೋ ಇರುವ ಕನ್ನಡಿಗರು ತಾವು ವಾಸಿಸುವ ಊರಿನ ವ್ಯಾಪ್ತಿಯನ್ನು ನೋಡಿಕೊಳ್ಳಬೇಕು. ಅಲ್ಲಿ ಕೇಳುವುದು ಸುಲಭದ ಪ್ರಶ್ನೆಗಳು: ಯಾವ ಕಂಪನಿ, ಯಾವ ಕೆಲಸ, ಎಷ್ಟು ಸಂಬಳ, ಯಾವಾಗಿಂದ. ನಿಮ್ಮ ಮಾತು, ಸ್ವವಿವರ, ಒಪ್ಪಂದ, ಕಂಪನಿ ತುಂಬಿದ ನಮೂನೆ ನಾಲ್ಕರಲ್ಲೂ ಉತ್ತರ ಒಂದೇ ಇರಬೇಕು. ಅನುಭವ ಪತ್ರದಲ್ಲಿ ಮಾರ್ಚ್‌ವರೆಗೆ ಎಂದಿದ್ದು ಸ್ವವಿವರದಲ್ಲಿ ಮೇವರೆಗೆ ಎಂದಿದ್ದರೆ, ಹುದ್ದೆಯ ಹೆಸರು ಒಪ್ಪಂದದಲ್ಲಿ ಒಂದು, ನಮೂನೆಯಲ್ಲಿ ಇನ್ನೊಂದು ಇದ್ದರೆ ಅರ್ಜಿ ಅಲ್ಲೇ ಕೂರುತ್ತದೆ. ಕಂಪನಿಯಿಂದ ಬಂದ ನಮೂನೆಯನ್ನು ಸಲ್ಲಿಸುವ ಮುನ್ನ ಸಾಲು ಸಾಲಾಗಿ ಓದಿ, ವ್ಯತ್ಯಾಸ ಕಂಡರೆ ಅಂದೇ ಬರೆದು ತಿದ್ದಿಸಿಕೊಳ್ಳಿ.